ಕೂಸಿನ ಬೆನ್ನಿನೊಳಗಿನ ಒಲೆ: ಬಿಳಿ ಕೊಬ್ಬು, ಕಂದು ಕೊಬ್ಬು



ನಾನು ಚೆನ್ನೈನಲ್ಲಿರುವ ಕನ್ನಡಿಗ ಮಕ್ಕಳ ವೈದ್ಯ. ಇವತ್ತಿನ ಕಂತನ್ನು ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ. ಮೇ ತಿಂಗಳು, ಇಲ್ಲಿಯವರು 'ಕತ್ತಿರಿ' ಎನ್ನುವ ಉರಿಬಿಸಿಲಿನ ದಿನಗಳು. ಬೆಳಗಿನ ಹತ್ತು ಗಂಟೆಗೆ ಮಾಂಬಲಂನಿಂದ ಒಬ್ಬ ಅಜ್ಜಿ ಫೋನ್ ಮಾಡಿದರು. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದವರು.

"ಡಾಕ್ಟ್ರೇ, ಕೂಸು ಬೆಳಗ್ಗೆಯಿಂದ ಹಾಲೇ ಕುಡೀತಿಲ್ಲ. ಬಾಯಿಗಿಟ್ರೆ ಎರಡು ಸಲ ಚೀಪತ್ತೆ, ನಿದ್ದೆ ಹೋಗತ್ತೆ. ಅಳೋದೂ ಇಲ್ಲ."

"ಅಮ್ಮಾ, ಮೊದಲು ಕೂಸಿನ ಪಾದ ಮುಟ್ಟಿ ನೋಡಿ. ಆಮೇಲೆ ಹೊಟ್ಟೆ ಮುಟ್ಟಿ ಹೇಳಿ."

"ಹೊಟ್ಟೆ ಬೆಚ್ಚಗಿದೆ. ಪಾದ ಮಾತ್ರ ತಣ್ಣಗಿದೆ. ಆದ್ರೆ ಚಳಿ ಎಲ್ಲಿಂದ ಬರ್ಬೇಕು ಡಾಕ್ಟ್ರೇ? ಹೊರಗೆ ಬೆಂಕಿ ಸುರೀತಿದೆ!"

ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೂಸಿನ ಬೆನ್ನಿನಲ್ಲಿ, ಎರಡು ಹೆಗಲ ಮೂಳೆಗಳ ನಡುವೆ ಇರುವ ಒಂದು ಬಗೆಯ ಕೊಬ್ಬಿನಲ್ಲಿದೆ. ಕೊಬ್ಬು ಅಂದರೆ ನಮಗೆ ನೆನಪಾಗುವುದು ಹೊಟ್ಟೆ, ಸೊಂಟ, ಕೊಲೆಸ್ಟರಾಲ್. ಆದರೆ ನಮ್ಮ ದೇಹದಲ್ಲಿ ಮುಖ್ಯವಾಗಿ ಎರಡು ಬಗೆಯ ಕೊಬ್ಬಿದೆ. ಒಂದು ಕೂಡಿಡುವ ಬಿಳಿ ಕೊಬ್ಬು, ಇನ್ನೊಂದು ಉರಿಸುವ ಕಂದು ಕೊಬ್ಬು. ಇವೆರಡೂ ನೋಡಲು ಹೇಗಿವೆ, ಕೂಸಿನಲ್ಲಿ ಎಲ್ಲಿವೆ, ದೊಡ್ಡವರಲ್ಲಿ ಎಲ್ಲಿ ಉಳಿಯುತ್ತವೆ ಎಂಬುದು ತಿಳಿದರೆ ಅಜ್ಜಿಯ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ.

*ಬಿಳಿ ಕೊಬ್ಬು: ಒಂದೇ ದೊಡ್ಡ ಹನಿಯ ಉಗ್ರಾಣ*

ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಸೂಕ್ಷ್ಮದರ್ಶಕದ ಕೆಳಗೆ ಬಿಳಿ ಕೊಬ್ಬನ್ನು ನೋಡುತ್ತಾರೆ. ಮೊದಲ ಸಲ ನೋಡಿದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಸರ್, ಇಲ್ಲಿ ಏನೂ ಇಲ್ಲ, ಬರೀ ತೂತು." ಕೋಳಿಗೂಡಿಗೆ ಹಾಕುವ ತಂತಿಯ ಜಾಲರಿಯಂತೆ ತೆಳ್ಳನೆಯ ಗೆರೆಗಳು, ನಡುವೆ ಖಾಲಿ ಜಾಗ, ಅಷ್ಟೇ ಕಾಣುತ್ತದೆ.

ಆ ಖಾಲಿ ಜಾಗವೇ ಕೊಬ್ಬು ಇದ್ದ ಜಾಗ. ಒಂದೊಂದು ಬಿಳಿ ಕೊಬ್ಬಿನ ಕೋಶದ ಒಳಗೂ ಒಂದೇ ಒಂದು ದೊಡ್ಡ ಎಣ್ಣೆ ಹನಿ ಇರುತ್ತದೆ. ಅದು ಕೋಶವನ್ನು ಎಷ್ಟು ತುಂಬಿಕೊಂಡಿರುತ್ತದೆ ಎಂದರೆ ಕೋಶರಸ ಅಂಚಿನಲ್ಲಿ ತೆಳು ಪೊರೆಯಾಗಿ ಉಳಿಯುತ್ತದೆ, ಕೋಶಕೇಂದ್ರವೂ ಚಪ್ಪಟೆಯಾಗಿ ಒಂದು ಬದಿಗೆ ಸರಿದಿರುತ್ತದೆ. ಹರಳು ಕೂರಿಸಿದ ಉಂಗುರವನ್ನು ನೆನಪಿಸಿಕೊಳ್ಳಿ. ಕೋಶದ ಅಂಚು ಉಂಗುರದ ಬಳೆ, ಚಪ್ಪಟೆ ಕೋಶಕೇಂದ್ರ ಅದರ ಹರಳು. ತುಂಬಿದ ಕೋಶದ ಅಡ್ಡಳತೆ 100 ಮೈಕ್ರಾನ್ ದಾಟಬಹುದು, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಕೋಶಗಳ ಲೆಕ್ಕದಲ್ಲಿ ಇದು ಬಹಳ ದೊಡ್ಡದು.

ಹಾಗಾದರೆ ಎಣ್ಣೆ ಎಲ್ಲಿ ಹೋಯಿತು? ಅಂಗಾಂಶವನ್ನು ಮೇಣದಲ್ಲಿ ಕೂರಿಸಿ ತೆಳುವಾಗಿ ಕತ್ತರಿಸುವ ಮೊದಲು ಆಲ್ಕೋಹಾಲ್ ಮತ್ತು ಜೈಲೀನ್ ದ್ರವಗಳಲ್ಲಿ ನೆನೆಸುತ್ತಾರೆ. ಅವುಗಳಲ್ಲಿ ಕೊಬ್ಬು ಕರಗಿ ಹೊರಟುಹೋಗುತ್ತದೆ. ಕೊಬ್ಬನ್ನೇ ನೋಡಬೇಕೆಂದರೆ ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕತ್ತರಿಸಿ, ಆಯಿಲ್ ರೆಡ್ ಅಥವಾ ಸೂಡಾನ್ ಬಣ್ಣ ಹಾಕಬೇಕು. ಆಗ ಅದೇ 'ತೂತು' ಬಣ್ಣದ ಹನಿಯಾಗಿ ಹೊಳೆಯುತ್ತದೆ.

ಈ ಕೋಶದ ಮುಖ್ಯ ಕೆಲಸ ಅದರ ಆಕಾರದಲ್ಲೇ ಬರೆದಿದೆ. ಅದೊಂದು ಉಗ್ರಾಣ. ಊಟದಲ್ಲಿ ಮಿಕ್ಕಿದ್ದನ್ನು ಕೂಡಿಡುತ್ತದೆ, ಉಪವಾಸದಲ್ಲಿ ರಕ್ತಕ್ಕೆ ಬಿಟ್ಟುಕೊಡುತ್ತದೆ.

*ಕಂದು ಕೊಬ್ಬು: ನೂರು ಹನಿ, ನೂರು ಒಲೆ*

ಈಗ ಇನ್ನೊಂದು ಗಾಜನ್ನು ಇಡೋಣ. ಇದರಲ್ಲಿ ತೂತುಗಳ ಜಾಲರಿ ಇಲ್ಲ. ಕೋಶಗಳು ಚಿಕ್ಕವು, ಬಿಳಿ ಕೋಶದ ಅರ್ಧದಷ್ಟೂ ಇರುವುದಿಲ್ಲ. ಪ್ರತಿ ಕೋಶದಲ್ಲೂ ಒಂದು ದೊಡ್ಡ ಹನಿಯ ಬದಲು ಸಣ್ಣ ಸಣ್ಣ ಹನಿಗಳು ಹರಡಿಕೊಂಡಿರುತ್ತವೆ, ನೊರೆಯಂತೆ. ಕೋಶಕೇಂದ್ರ ಚಪ್ಪಟೆಯಾಗಿಲ್ಲ. ದುಂಡಗೆ, ಹೆಚ್ಚು ಕಡಿಮೆ ಕೋಶದ ಒಳಭಾಗದಲ್ಲೇ ಇರುತ್ತದೆ. ಕೋಶರಸ ಧಾರಾಳವಾಗಿದೆ, ಅದರ ತುಂಬ ಮೈಟೋಕಾಂಡ್ರಿಯಾ. ಇವು ಜೀವಕೋಶದ ಒಳಗೆ ಇಂಧನ ಉರಿಸುವ ಅತಿ ಸಣ್ಣ ಒಲೆಗಳು. ಅವುಗಳಲ್ಲಿ ಕಬ್ಬಿಣ ಇರುವ ವರ್ಣದ್ರವ್ಯಗಳಿರುತ್ತವೆ. ಅದರಿಂದಲೂ, ಸುತ್ತ ಒತ್ತಾಗಿ ಹೆಣೆದುಕೊಂಡ ಸೂಕ್ಷ್ಮ ರಕ್ತನಾಳಗಳಿಂದಲೂ ಈ ಕೊಬ್ಬಿಗೆ ಕಂದು ಬಣ್ಣ.

ಇಡೀ ಅಂಗಾಂಶ ಗೊಂಚಲು ಗೊಂಚಲಾಗಿ ಒಂದು ಗ್ರಂಥಿಯಂತೆ ಕಾಣುತ್ತದೆ. ಅದಕ್ಕೇ ಹಿಂದಿನವರು ಇದನ್ನು ಕೊಬ್ಬು ಎಂದು ಗುರುತಿಸದೆ, ಚಳಿಗಾಲದಲ್ಲಿ ದೀರ್ಘನಿದ್ರೆ ಮಾಡುವ ಪ್ರಾಣಿಗಳ ವಿಶೇಷ ಗ್ರಂಥಿ ಎಂದು ಭಾವಿಸಿದ್ದರು. ಸ್ವಿಟ್ಜರ್ಲೆಂಡಿನ ಕಾನ್ರಾಡ್ ಗೆಸ್ನರ್ 1551ರಲ್ಲೇ ಮಾರ್ಮೊಟ್ ಎಂಬ ಗುಡ್ಡಗಾಡಿನ ದಂಶಕ ಪ್ರಾಣಿಯಲ್ಲಿ ಇದನ್ನು ವರ್ಣಿಸಿದ್ದ.

ಇದು ಬಿಸಿ ಹುಟ್ಟಿಸುವುದು ಹೇಗೆ? ನಮ್ಮ ಶಿವನಸಮುದ್ರದ ಉದಾಹರಣೆ ತೆಗೆದುಕೊಳ್ಳಿ. ಎತ್ತರದ ನೀರನ್ನು ಟರ್ಬೈನಿನ ಮೂಲಕ ಬಿಟ್ಟರೆ ವಿದ್ಯುತ್ ಸಿಗುತ್ತದೆ. ಅದೇ ನೀರನ್ನು ಪಕ್ಕದ ತೂಬಿನಿಂದ ಬಿಟ್ಟರೆ ವಿದ್ಯುತ್ ಬರುವುದಿಲ್ಲ, ರಭಸವೆಲ್ಲ ಹಾಗೇ ಕಳೆದುಹೋಗುತ್ತದೆ. ಬೇರೆ ಕೋಶಗಳ ಮೈಟೋಕಾಂಡ್ರಿಯಾ ಟರ್ಬೈನ್ ತಿರುಗಿಸಿ ದೇಹದ ಕೆಲಸಗಳಿಗೆ ಶಕ್ತಿಯನ್ನು ಕಟ್ಟಿಡುತ್ತವೆ. ಕಂದು ಕೊಬ್ಬಿನ ಮೈಟೋಕಾಂಡ್ರಿಯಾದಲ್ಲಿ ಮಾತ್ರ ಯುಸಿಪಿ-1 ಎಂಬ ಪ್ರೋಟೀನಿನ ತೂಬು ಇದೆ. ಅದು ತೆರೆದರೆ ಇಂಧನ ಉರಿಯುತ್ತದೆ, ಆದರೆ ಶಕ್ತಿ ಕಟ್ಟಿಡುವ ಬದಲು ಶಾಖವಾಗಿ ಹೊರಬರುತ್ತದೆ. ಸುತ್ತಲಿನ ರಕ್ತನಾಳಗಳು ಆ ಶಾಖವನ್ನು ಹೊತ್ತು ಇಡೀ ಮೈಗೆ ಹಂಚುತ್ತವೆ.

ತೂಬು ತೆರೆಯುವ ಆಜ್ಞೆ ಮಿದುಳಿನಿಂದ ಬರುತ್ತದೆ. ಚರ್ಮಕ್ಕೆ ತಂಪು ತಾಗಿದರೆ ಮಿದುಳು ನರಗಳ ಮೂಲಕ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಕಂದು ಕೊಬ್ಬಿನ ಕೋಶಗಳ ಬಳಿಯೇ ಸುರಿಸುತ್ತದೆ. ಕೂಡಲೇ ಸಣ್ಣ ಹನಿಗಳು ಕರಗಿ ಒಲೆಗೆ ಬೀಳುತ್ತವೆ. ಹನಿಗಳು ಚಿಕ್ಕದಾಗಿ ಹರಡಿರುವುದರ ಲಾಭ ಇಲ್ಲೇ. ದೊಡ್ಡ ಬೊಡ್ಡೆಗಿಂತ ಸೀಳಿದ ಸೌದೆ ಬೇಗ ಹತ್ತಿಕೊಳ್ಳುವುದಿಲ್ಲವೇ?

*ಕೂಸಿನಲ್ಲಿ ಯಾವುದು ಎಲ್ಲಿ?*

ನಮಗೆ ಚಳಿಯಾದರೆ ಮೈ ನಡುಗುತ್ತದೆ. ಮಾಂಸಖಂಡಗಳು ಕುಣಿದು ಬಿಸಿ ಹುಟ್ಟಿಸುತ್ತವೆ. ನವಜಾತ ಕೂಸಿಗೆ ಹೀಗೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದರ ಬದಲಿಗೆ ಇರುವುದೇ ಕಂದು ಕೊಬ್ಬು. ತಿಂಗಳು ತುಂಬಿ ಹುಟ್ಟಿದ ಕೂಸಿನ ತೂಕದಲ್ಲಿ ಇದು ಶೇಕಡಾ 2ರಿಂದ 5ರಷ್ಟಿರುತ್ತದೆ. ಮೂರು ಕೆಜಿ ಕೂಸಿಗೆ ಲೆಕ್ಕ ಹಾಕಿದರೆ 60ರಿಂದ 150 ಗ್ರಾಂ.

ಅದು ಇರುವ ಜಾಗಗಳನ್ನು ನೋಡಿ: ಹೆಗಲ ಮೂಳೆಗಳ ನಡುವೆ, ಕತ್ತಿನ ಹಿಂಭಾಗ ಮತ್ತು ಬದಿಗಳಲ್ಲಿ, ಕಂಕುಳಲ್ಲಿ, ಎದೆಗೂಡಿನೊಳಗೆ ದೊಡ್ಡ ರಕ್ತನಾಳಗಳ ಸುತ್ತ, ಹೊಟ್ಟೆಯ ಹಿಂಭಾಗದಲ್ಲಿ ಮೂತ್ರಪಿಂಡ ಮತ್ತು ಅಡ್ರಿನಲ್ ಗ್ರಂಥಿಗಳ ಸುತ್ತ. ಹೃದಯ, ಮಿದುಳು, ಬೆನ್ನುಹುರಿಯ ಕಡೆಗೆ ಹರಿಯುವ ರಕ್ತವನ್ನು ಮೊದಲು ಬೆಚ್ಚಗೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಬಿಳಿ ಕೊಬ್ಬೂ ಕೂಸಿನಲ್ಲಿದೆ. ಅದು ಹೆಚ್ಚಾಗಿ ಚರ್ಮದ ಅಡಿಯಲ್ಲಿ ಕಂಬಳಿಯಂತೆ ಹರಡಿದೆ. ಕೆನ್ನೆಯೊಳಗೆ ಒಂದು ದಪ್ಪ ಉಂಡೆಯಿದೆ. ಕೂಸು ಹಾಲು ಚೀಪುವಾಗ ಕೆನ್ನೆ ಒಳಗೆ ಕುಸಿಯದಂತೆ ತಡೆಯುವುದು ಅದೇ. ಹೊಟ್ಟೆಯೊಳಗೆ, ಕರುಳಿನ ಸುತ್ತ, ದೊಡ್ಡವರಲ್ಲಿ ಇರುವಂಥ ರಾಶಿ ಕೊಬ್ಬು ಕೂಸಿಗೆ ಇರುವುದಿಲ್ಲ.

ಹಾಗಾಗಿ ಕೂಸಿನ ಬೆನ್ನಿನಲ್ಲಿ ಮೇಲೆ ಬಿಳಿ ಕೊಬ್ಬಿನ ಕಂಬಳಿ, ಅದರ ಕೆಳಗೆ ಕಂದು ಕೊಬ್ಬಿನ ಒಲೆ. ಹೊರಗಿನಿಂದ ನೋಡಿ ಒಲೆ ಎಷ್ಟಿದೆ ಎಂದು ಹೇಳಲಾಗದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಹುಟ್ಟಿದ ಮಕ್ಕಳನ್ನು 'ಪಾರ್ಥೆನಾನ್ ಅಧ್ಯಯನ' ಎಂಬ ಹೆಸರಿನಲ್ಲಿ ಅಳೆಯಲಾಯಿತು. ಇಂಗ್ಲೆಂಡಿನ ಮಕ್ಕಳಿಗಿಂತ ಇವರ ತೂಕ ಕಡಿಮೆ, ಮಾಂಸಖಂಡ ಕಡಿಮೆ. ಆದರೆ ಹೆಗಲ ಮೂಳೆಯ ಕೆಳಗಿನ ಚರ್ಮದ ಮಡಿಕೆ ಅದಕ್ಕೆ ತಕ್ಕಂತೆ ತೆಳ್ಳಗಿರಲಿಲ್ಲ. ಸಣ್ಣ ಮೈಯಲ್ಲೂ ಕೊಬ್ಬು ಉಳಿದಿತ್ತು. ಇದರಿಂದ "ನಮ್ಮ ಕೂಸಿಗೆ ಚಳಿ ತಾಗದು" ಎಂದುಕೊಳ್ಳಬೇಡಿ. ಚರ್ಮವನ್ನು ಮಡಿಸಿ ಅಳೆದದ್ದು ಮೇಲಿನ ಬಿಳಿ ಕೊಬ್ಬನ್ನು. ಕೆಳಗಿನ ಕಂದು ಕೊಬ್ಬಿನ ಲೆಕ್ಕ ಬೇರೆಯೇ.

ಕಂದು ಕೊಬ್ಬು ಗರ್ಭದಲ್ಲಿ ರೂಪುಗೊಳ್ಳಲು ತೊಡಗುವುದು ಸುಮಾರು 26ರಿಂದ 30 ವಾರಗಳ ನಡುವೆ. ಕೊನೆಯ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಕೂಸು ಅರ್ಧ ಕಟ್ಟಿದ ಒಲೆ, ತೆಳ್ಳನೆಯ ಕಂಬಳಿ ಎರಡನ್ನೂ ಹೊತ್ತು ಬರುತ್ತದೆ.

*ಒಲೆಯ ಸೌದೆ ಮುಗಿದರೆ?*

1966ರಲ್ಲಿ ಇಂಗ್ಲೆಂಡಿನ ಏಹರ್ನ್ ಮತ್ತು ಹಲ್ ಎಂಬ ವೈದ್ಯರು, ತೀರಿಹೋದ ನವಜಾತ ಶಿಶುಗಳ ಕಂದು ಕೊಬ್ಬನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಹುಟ್ಟಿದ ಕೂಡಲೇ ತೀರಿಕೊಂಡ ಕೂಸುಗಳ ಕೋಶಗಳಲ್ಲಿ ಹನಿಗಳು ತುಂಬಿದ್ದವು. ಚಳಿಗೆ ಸಿಕ್ಕಿ ತೀರಿಕೊಂಡ ಕೂಸುಗಳ ಕೋಶಗಳಲ್ಲಿ ಹನಿಗಳು ಬರಿದಾಗಿದ್ದವು. ಒಲೆ ಕೊನೆಯ ತುಂಡಿನ ತನಕ ಉರಿದಿತ್ತು.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಕಂದು ಕೊಬ್ಬು ಉರಿಯಲು ಆಮ್ಲಜನಕ ಬೇಕು, ಸಕ್ಕರೆಯೂ ಖರ್ಚಾಗುತ್ತದೆ. ತಂಪಾದ ಕೂಸು ಕುಡಿದ ಹಾಲನ್ನೆಲ್ಲ ಮೈ ಬೆಚ್ಚಗಿಡಲು ಸುರಿಯುತ್ತದೆ, ತೂಕ ಏರುವುದಿಲ್ಲ. ಇನ್ನೂ ತಂಪಾದರೆ ರಕ್ತದ ಸಕ್ಕರೆ ಇಳಿದು ಮಂಕಾಗುತ್ತದೆ. ಮಂಕಾದ ಕೂಸು ಚೀಪುವುದಿಲ್ಲ. ಹಾಲಿಲ್ಲದಿದ್ದರೆ ಸೌದೆಯಿಲ್ಲ. ಹೀಗೆ ಸುಳಿ ಬಿಗಿಯಾಗುತ್ತಾ ಹೋಗುತ್ತದೆ.

ಬಿಳಿ ಕೊಬ್ಬಿಗೂ ಚಳಿಯಿಂದ ತೊಂದರೆಯಿದೆ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಆಗುವುದಿಲ್ಲ. ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು, ಅದಕ್ಕೇ. ನವಜಾತ ಕೂಸಿನ ಚರ್ಮದಡಿಯ ಕೊಬ್ಬಿನಲ್ಲೂ ದೊಡ್ಡವರ ಕೊಬ್ಬಿಗಿಂತ ಸ್ಯಾಚುರೇಟೆಡ್ ಅಂಶ ಹೆಚ್ಚಿದ್ದು ಬೇಗ ಹೆಪ್ಪುಗಟ್ಟುತ್ತದೆ. ಹೆರಿಗೆಯಲ್ಲಿ ಉಸಿರುಗಟ್ಟಿದ ಅಥವಾ ತುಂಬ ತಂಪಾದ ಕೆಲವು ಕೂಸುಗಳ ಬೆನ್ನು, ಕುಂಡಿ, ತೊಡೆ, ಕೆನ್ನೆಗಳಲ್ಲಿ ಕೆಲವು ದಿನಗಳ ನಂತರ ಕೆಂಪಾದ ಗಟ್ಟಿ ಗಂಟುಗಳು ಏಳುವುದುಂಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಖಾಲಿ ತೂತುಗಳಾಗಿ ಕಾಣಬೇಕಿದ್ದ ಕೋಶಗಳೊಳಗೆ ಸೂಜಿಯಾಕಾರದ ಸೀಳುಗಳು ಚಕ್ರದ ಕಡ್ಡಿಗಳಂತೆ ಹರಡಿರುತ್ತವೆ. ಹರಳುಗಟ್ಟಿದ ಕೊಬ್ಬಿನ ಗುರುತು ಅದು. ಇವು ಹೆಚ್ಚಾಗಿ ತಾವಾಗಿಯೇ ಕರಗುತ್ತವೆ. ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಆದ್ದರಿಂದ ತಿಕ್ಕಿ ಕರಗಿಸಲು ಹೋಗದೆ ಮಕ್ಕಳ ವೈದ್ಯರಿಗೆ ತೋರಿಸಿ.

*ಮಾಂಬಲಂನ ಮನೆಯಲ್ಲಿ ಆಗಿದ್ದೇನು?*

ಈಗ ಅಜ್ಜಿಯ ಮನೆಗೆ ಮರಳೋಣ. ಕೂಸು 36 ವಾರಕ್ಕೆ ಹುಟ್ಟಿದ್ದು, ತೂಕ 2.2 ಕೆಜಿ, ವಯಸ್ಸು ಎಂಟು ದಿನ. ಬೆಳಗ್ಗೆ ಏಳಕ್ಕೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆದಿದ್ದರು. ಎಣ್ಣೆ, ನೀರು, ಒರೆಸುವುದು ಎಲ್ಲ ಸೇರಿ ಅರ್ಧ ಗಂಟೆ ಕೂಸು ಬರಿಮೈಯಲ್ಲಿತ್ತು. ಬಚ್ಚಲಿನಿಂದ ಬಂದದ್ದು 22 ಡಿಗ್ರಿಗೆ ಇಟ್ಟಿದ್ದ ಎಸಿ ಕೋಣೆಗೆ. ಬಾಣಂತಿಗೆ ಸೆಖೆ ತಡೆಯಲಾಗದೆ ರಾತ್ರಿಯಿಡೀ ಎಸಿ ಓಡಿತ್ತು, ಮೇಲೆ ಫ್ಯಾನೂ ಇತ್ತು. ತಲೆಕೂದಲು ಇನ್ನೂ ಒದ್ದೆ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಬರಿಮೈಯಲ್ಲಿರುವ ದೊಡ್ಡವರಿಗೆ ಚಳಿಯೂ ಇಲ್ಲದ, ಸೆಖೆಯೂ ಇಲ್ಲದ ಹದವಾದ ತಾಪಮಾನ ಸುಮಾರು 28 ಡಿಗ್ರಿ. ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಮೊದಲ ದಿನಗಳಲ್ಲಿ ಬರಿಮೈಯಲ್ಲಿ ಅದು 32ರಿಂದ 34 ಡಿಗ್ರಿ. ಮುಂಚೆ ಹುಟ್ಟಿದ ಸಣ್ಣ ಕೂಸಿಗೆ ಇನ್ನೂ ಹೆಚ್ಚು. ಅಂದರೆ ನಮಗೆ ಹಿತವೆನಿಸುವ 28 ಡಿಗ್ರಿ ಕೋಣೆಯೇ ಬೆತ್ತಲೆ ಕೂಸಿಗೆ ಚಳಿ. ಮೈ ಒದ್ದೆಯಿದ್ದು, 22 ಡಿಗ್ರಿ ಗಾಳಿ ಬೀಸಿದರೆ ಏನಾಗಬೇಕು? ಹೊರಗಿನ ಕತ್ತಿರಿ ಬಿಸಿಲು ಕೂಸಿಗೆ ತಿಳಿಯುವುದೇ ಇಲ್ಲ. ಅದಕ್ಕೆ ತಿಳಿಯುವುದು ಕೋಣೆಯ ಗಾಳಿ ಮಾತ್ರ.

ಕಂಕುಳಲ್ಲಿ ಥರ್ಮಾಮೀಟರ್ ಇಡಿಸಿದೆ. 36.1 ಡಿಗ್ರಿ ಸೆಲ್ಸಿಯಸ್. ನವಜಾತ ಕೂಸಿಗೆ 36.5ರಿಂದ 37.5 ಸರಿ. 36.0ರಿಂದ 36.4 ಇದ್ದರೆ ಕೂಸು ತಂಪಿನ ವಿರುದ್ಧ ಹೋರಾಡುತ್ತಿದೆ ಎಂದರ್ಥ. 36ಕ್ಕಿಂತ ಕೆಳಗಿಳಿದರೆ ಅಪಾಯ, 32ಕ್ಕಿಂತ ಕೆಳಗಾದರೆ ಜೀವಕ್ಕೇ ಕುತ್ತು.

"ಅಮ್ಮಾ, ಎಸಿ ಫ್ಯಾನ್ ಎರಡೂ ಆರಿಸಿ. ತಲೆ ಒರೆಸಿ ಟೋಪಿ ಹಾಕಿ. ಕೂಸಿನ ಬಟ್ಟೆ ತೆಗೆದು, ಡೈಪರ್ ಮಾತ್ರ ಇಟ್ಟು, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ. ಮೇಲೆ ಹೊದಿಸಿ. ಹಾಗೇ ಕರೆದುಕೊಂಡು ಬನ್ನಿ."

"ಬಿಸಿನೀರಿನ ಬಾಟಲಿ ಇಡ್ಲಾ ಡಾಕ್ಟ್ರೇ? ಸಾಂಬ್ರಾಣಿ ಹೊಗೆ ಹಾಕ್ಲಾ?"

"ಎರಡೂ ಬೇಡಮ್ಮ. ಬಾಟಲಿಯಿಂದ ಚರ್ಮ ಸುಡತ್ತೆ. ಹೊಗೆಯಿಂದ ಉಸಿರಿಗೆ ಕಷ್ಟ, ಕೂಸಿಗೆ ಈಗಲೇ ಉಸಿರು ಹೆಚ್ಚು ಬೇಕು. ತಾಯಿಯ ಎದೆಗಿಂತ ಒಳ್ಳೆ ಬಿಸಿ ಇಲ್ಲ."

ಅವರು ಬಂದಾಗ ಮುಕ್ಕಾಲು ಗಂಟೆಯಾಗಿತ್ತು. ಉಷ್ಣಾಂಶ 36.6ಕ್ಕೆ ಏರಿತ್ತು, ಪಾದ ಬೆಚ್ಚಗಾಗಿತ್ತು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿದೆ, ಕೆಳ ಅಂಚಿನಲ್ಲಿತ್ತು. ಸೋಂಕು ತಗುಲಿದ ಕೂಸೂ ಹೀಗೆಯೇ ತಂಪಾಗಿ ಮಂಕಾಗುವುದರಿಂದ ಅದನ್ನೂ ಪರೀಕ್ಷಿಸಿ, ಅರ್ಧ ದಿನ ಕಣ್ಣೆದುರೇ ಇರಿಸಿಕೊಂಡೆ. ಕೂಸು ಎದೆಗೆ ಅಂಟಿಕೊಂಡೇ ಹಾಲು ಚೀಪಲು ಶುರು ಮಾಡಿತು. ಸಂಜೆ ಮನೆಗೆ ಹೋದರು.

ಫೋನಿನಲ್ಲಿ ನಾನು ಮೊದಲು ಪಾದ ಮುಟ್ಟಿಸಿದ್ದಕ್ಕೂ ಕಾರಣ ಇದೇ ಕೊಬ್ಬು. ತಂಪಾದಾಗ ದೇಹ ಕೈಕಾಲಿನ ರಕ್ತವನ್ನು ಮೊದಲು ಕಡಿಮೆ ಮಾಡಿ ಒಳಗಿನ ಬಿಸಿ ಉಳಿಸಿಕೊಳ್ಳುತ್ತದೆ. ಕತ್ತಿನ ಹಿಂಭಾಗದಲ್ಲಿ ಮಾತ್ರ ಒಲೆ ಉರಿಯುತ್ತಿರುವುದರಿಂದ ಅದು ಬೆಚ್ಚಗೇ ಇರಬಹುದು. ಕತ್ತು ಮುಟ್ಟಿ "ಬೆಚ್ಚಗಿದೆ" ಎಂದು ಸುಮ್ಮನಾದರೆ ಮೋಸ ಹೋಗುತ್ತೀರಿ. ಅಂಗೈಯ ಹಿಂಬದಿಯಿಂದ ಪಾದ ಮತ್ತು ಹೊಟ್ಟೆ ಎರಡನ್ನೂ ಮುಟ್ಟಿ:

▪️ ಪಾದ, ಹೊಟ್ಟೆ ಎರಡೂ ಬೆಚ್ಚಗಿದ್ದರೆ ಸರಿ.
▪️ ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಒಲೆ ಉರಿಯುತ್ತಿದೆ, ಕೂಡಲೇ ಎದೆಗೆ ಹಾಕಿಕೊಂಡು ಹಾಲು ಕೊಡಿ.
▪️ ಎರಡೂ ತಣ್ಣಗಿದ್ದರೆ ಒಲೆ ಸೋಲುತ್ತಿದೆ, ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ.

ಕೂಸು ಹಾಲು ಬಿಟ್ಟಿದ್ದರೆ ಅಥವಾ ಮಂಕಾಗಿದ್ದರೆ ಪಾದ ಹೇಗೇ ಇರಲಿ, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಇದನ್ನು ಓದಿ ಕೂಸಿಗೆ ಮೂರು ಸ್ವೆಟರ್ ಹಾಕಬೇಡಿ. ಚೆನ್ನೈ ಸೆಖೆಯಲ್ಲಿ ಬಿಗಿಯಾಗಿ ಸುತ್ತಿಟ್ಟ ಕೂಸಿಗೆ ಮೈ ಕಾದು, ನೀರಿನಂಶ ಕಡಿಮೆಯಾಗಿ ಜ್ವರವೇ ಬರುತ್ತದೆ. 37.5 ದಾಟಿದರೆ ಮೊದಲು ಬಟ್ಟೆ ಸಡಿಲಿಸಿ ಹಾಲು ಕೊಡಿ, ಇಳಿಯದಿದ್ದರೆ ತೋರಿಸಿ. ಎಸಿ ಇಡಬಾರದೆಂದೇನೂ ಇಲ್ಲ. 26ರಿಂದ 28ರ ಹತ್ತಿರ ಇಡಿ, ಗಾಳಿ ನೇರವಾಗಿ ಕೂಸಿಗೆ ಬಡಿಯದಿರಲಿ, ಸ್ನಾನದ ಹೊತ್ತಿಗೆ ಆರಿಸಿ. ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ. ತೂಕ ಕಡಿಮೆಯಿರುವ ಕೂಸಿಗೆ ವೈದ್ಯರು ಹೇಳುವ ತನಕ ಎರೆಯುವುದು ಬೇಡ, ಒರೆಸಿದರೆ ಸಾಕು.

*ದೊಡ್ಡವರಲ್ಲಿ ಏನಾಗುತ್ತದೆ?*

ಮಕ್ಕಳು ಬೆಳೆದಂತೆ ಹೆಗಲ ಮೂಳೆಗಳ ನಡುವಿನ ಕಂದು ಕೊಬ್ಬು ಕ್ರಮೇಣ ಮಾಯವಾಗುತ್ತದೆ. ಬಿಳಿ ಕೊಬ್ಬು ಹೊಸ ಜಾಗಗಳನ್ನು ಹಿಡಿಯುತ್ತದೆ. ಹೆಂಗಸರಲ್ಲಿ ಸೊಂಟ, ತೊಡೆ. ಗಂಡಸರಲ್ಲಿ ಹೊಟ್ಟೆ, ಅದರೊಳಗೆ ಕರುಳಿನ ಪೊರೆಗಳ ಮೇಲೆ. ಮೂಳೆಯೊಳಗಿನ ಕೆಂಪು ಮಜ್ಜೆಯ ಬಹುಪಾಲು ಕೊಬ್ಬಿನ ಹಳದಿ ಮಜ್ಜೆಯಾಗುತ್ತದೆ. ಕಣ್ಣುಗುಡ್ಡೆಯ ಹಿಂದೆ, ಅಂಗೈ, ಅಂಗಾಲುಗಳಲ್ಲಿ ಇರುವ ಬಿಳಿ ಕೊಬ್ಬು ಮಾತ್ರ ಉಗ್ರಾಣವಲ್ಲ, ಮೆತ್ತೆ. ಉಪವಾಸ ಮಾಡಿದರೂ ಅದು ಸುಲಭವಾಗಿ ಕರಗುವುದಿಲ್ಲ.

ದೊಡ್ಡವರಲ್ಲಿ ಕಂದು ಕೊಬ್ಬು ಇಲ್ಲವೇ ಇಲ್ಲ ಎಂದೇ ಬಹುಕಾಲ ಪಾಠ ಹೇಳುತ್ತಿದ್ದರು. ಅದನ್ನು ಬದಲಿಸಿದ್ದು ಕ್ಯಾನ್ಸರ್ ಹುಡುಕುವ ಪೆಟ್-ಸಿಟಿ ಸ್ಕ್ಯಾನ್. ಇದರಲ್ಲಿ ಗುರುತು ಹಾಕಿದ ಸಕ್ಕರೆಯನ್ನು ರಕ್ತಕ್ಕೆ ಕೊಡುತ್ತಾರೆ, ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವ ಜಾಗ ಹೊಳೆಯುತ್ತದೆ. ಕೆಲವರಲ್ಲಿ ಕತ್ತಿನ ಎರಡೂ ಬದಿ, ಕಾಲರ್ ಮೂಳೆಯ ಮೇಲೆ, ಬೆನ್ನುಮೂಳೆಯ ಪಕ್ಕಗಳಲ್ಲಿ ಹೊಳಪು ಕಾಣುತ್ತಿತ್ತು, ಆದರೆ ಅಲ್ಲಿ ಗೆಡ್ಡೆ ಇರುತ್ತಿರಲಿಲ್ಲ. ಅದು ಉರಿಯುತ್ತಿದ್ದ ಕಂದು ಕೊಬ್ಬು. 2009ರಲ್ಲಿ ಒಂದೇ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ತಂಡಗಳು ಇದನ್ನು ಖಚಿತಪಡಿಸಿದವು. ಅವುಗಳಲ್ಲಿ ಅಮೆರಿಕದ ತಂಡ 1972 ಜನರ ಸ್ಕ್ಯಾನ್‌ಗಳನ್ನು ನೋಡಿತ್ತು. 106 ಜನರಲ್ಲಿ ಹೊಳಪು ಕಂಡಿತು, ಹೆಂಗಸರಲ್ಲಿ ಶೇಕಡಾ 7.5, ಗಂಡಸರಲ್ಲಿ 3.1. ಚಿಕ್ಕ ವಯಸ್ಸಿನವರಲ್ಲಿ, ತೆಳ್ಳಗಿರುವವರಲ್ಲಿ, ಚಳಿ ದಿನಗಳಲ್ಲಿ ಹೆಚ್ಚು.

ಇದು ನಿಮಗೆ ಯಾಕೆ ತಿಳಿದಿರಬೇಕು? ಚೆನ್ನೈಗೆ ಕರ್ನಾಟಕದಿಂದಲೂ ಎಷ್ಟೋ ಜನ ಚಿಕಿತ್ಸೆಗೆ ಬರುತ್ತಾರೆ. ಲಿಂಫೋಮ ಎಂಬ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ ಒಬ್ಬ ತೆಳ್ಳನೆಯ ಯುವತಿಯನ್ನು ಊಹಿಸಿಕೊಳ್ಳಿ. ತೆಳು ಗೌನಿನಲ್ಲಿ, ಕೊರೆಯುವ ಎಸಿ ಕೋಣೆಯಲ್ಲಿ, ಆತಂಕದಲ್ಲಿ ಒಂದು ಗಂಟೆ ಕಾಯುತ್ತಾಳೆ. ಸ್ಕ್ಯಾನಿನಲ್ಲಿ ಕತ್ತಿನ ಎರಡೂ ಬದಿ ಹೊಳೆಯುತ್ತದೆ. ಮನೆಯವರಿಗೆ "ಮತ್ತೆ ಬಂತೇ?" ಎಂಬ ಭಯ. ಪರಿಣತರು ಆಗ ಅದೇ ಜಾಗವನ್ನು ಸಿಟಿಯಲ್ಲಿ ನೋಡುತ್ತಾರೆ. ಸಿಟಿ ಅಳತೆಯಲ್ಲಿ ನೀರಿಗೆ ಸೊನ್ನೆ, ಕೊಬ್ಬಿಗೆ ಮೈನಸ್ ಅಂಕಿ, ಲಿಂಫ್ ಗಂಟಿಗೆ ಸೊನ್ನೆಗಿಂತ ಮೇಲೆ. ಹೊಳೆಯುವ ಜಾಗದಲ್ಲಿ ಗಂಟಿಲ್ಲದೆ ಮೈನಸ್ ಅಂಕಿಯ ಕೊಬ್ಬಷ್ಟೇ ಇದ್ದು, ಎರಡೂ ಬದಿ ಸಮನಾಗಿದ್ದರೆ ಅದು ಕಂದು ಕೊಬ್ಬು. ತೊಂದರೆಯೆಂದರೆ ಕೊಬ್ಬಿನ ಹೊಳಪಿನ ನಡುವೆ ನಿಜವಾದ ಸಣ್ಣ ಗಂಟು ಮರೆಯಾಗಬಹುದು. ಆದ್ದರಿಂದ ಸಂಶಯವಿದ್ದರೆ ಸ್ಕ್ಯಾನ್ ಮತ್ತೆ ಮಾಡಬೇಕಾಗುತ್ತದೆ.

ಇದನ್ನು ತಪ್ಪಿಸುವುದು ಬಹಳ ಮಟ್ಟಿಗೆ ಸುಲಭ. ಪೆಟ್ ಸ್ಕ್ಯಾನಿಗೆ ಹೋಗುವಾಗ ಲೋಹದ ಗುಂಡಿ, ಜಿಪ್ ಇಲ್ಲದ ಬೆಚ್ಚಗಿನ ಬಟ್ಟೆ ಹಾಕಿ. ಕಾರಿನ ಎಸಿ ಕಡಿಮೆ ಮಾಡಿ. ಕಾಯುವ ಕೋಣೆಯಲ್ಲಿ ಚಳಿಯಾದರೆ ಸಂಕೋಚವಿಲ್ಲದೆ ಕಂಬಳಿ ಕೇಳಿ. ಹೊರಗೆ 40 ಡಿಗ್ರಿ ಇದ್ದರೂ ಕೊಬ್ಬು ಲೆಕ್ಕಕ್ಕಿಡುವುದು ನಿಮ್ಮ ಚರ್ಮಕ್ಕೆ ತಾಗುವ ಗಾಳಿಯನ್ನು. ಮಾಂಬಲಂನ ಕೂಸಿನ ಪಾಠವೇ ಇಲ್ಲೂ.

ಕೊನೆಗೆ ಒಂದು ಮಾತು. "ದಿನಾ ತಣ್ಣೀರು ಸ್ನಾನ ಮಾಡಿ, ಬಿಳಿ ಕೊಬ್ಬು ಕಂದಾಗಿ ಹೊಟ್ಟೆ ಕರಗುತ್ತದೆ" ಎಂಬ ಸಂದೇಶ ನಿಮಗೂ ಬಂದಿರಬಹುದು. ಚಳಿಯಲ್ಲಿ ಕಂದು ಕೊಬ್ಬು ಉರಿಯುವುದು ನಿಜ. ಆದರೆ ದೊಡ್ಡವರಲ್ಲಿ ಅದು ಇರುವುದು ಸ್ವಲ್ಪವೇ, ಕತ್ತಿನಲ್ಲಿ. ಕರಗಬೇಕಾದ ಬಿಳಿ ಕೊಬ್ಬು ಇರುವುದು ಕಿಲೋಗಟ್ಟಲೆ, ಹೊಟ್ಟೆಯಲ್ಲಿ. ಹೃದಯದ ತೊಂದರೆ ಇರುವವರಿಗೆ ದಿಢೀರ್ ತಣ್ಣೀರು ಅಪಾಯವೂ ಹೌದು.

ಅಜ್ಜಿ ಹೊರಡುವಾಗ ಕೇಳಿದರು: "ಹಾಗಾದ್ರೆ ಡಾಕ್ಟ್ರೇ, ನಮಗೆ ಬೆವರಿದ್ರೂ ಕೂಸಿಗೆ ಚಳಿ ಆಗ್ಬಹುದು ಅನ್ನಿ." ಹೌದು ಅಮ್ಮ, ಅಷ್ಟೇ. ಪಾದ ಮುಟ್ಟಿ ನೋಡುತ್ತಿರಿ.

ನಿಮ್ಮ ಬಳಗದಲ್ಲಿ ಬಾಣಂತಿ, ಹಸುಗೂಸು ಇರುವ ಮನೆಗಳಿಗೆ ಇದನ್ನು ತಲುಪಿಸಿ. ಮುಂದಿನ ಕಂತಿನಲ್ಲಿ ಭೇಟಿಯಾಗೋಣ. 🙏